ಓದುಗರ ಸ್ಪಂದನ: ಬೋರ್‌ವೆಲ್ ಅಣ್ಣನ ಹೊಲದಲ್ಲಿ, ಒಣಗುತ್ತಿರುವುದು ತಮ್ಮನ ತೋಟ

ಕಳೆದ ಸಂಚಿಕೆಯ ಸಮಸ್ಯೆ: ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದರು. ಅಪ್ಪನ ನಾಲ್ಕು ಎಕರೆ ಎರಡೆರಡಾಗಿ ಭಾಗವಾಗಿದೆ. ಅಪ್ಪ ಕೊರೆಸಿದ ಬೋರ್‌ವೆಲ್ ಅಣ್ಣನ ಪಾಲಿನ ಹೊಲದಲ್ಲಿದೆ. ನೀರು ಇಬ್ಬರಿಗೂ ಸಮ ಎಂದು ವಿಭಾಗ ಪತ್ರದಲ್ಲಿದೆ. ಅಣ್ಣನದು ತೆಂಗು, ತಮ್ಮನದು ನಾಲ್ಕು ವರ್ಷದ ಅಡಿಕೆ. ಬೇಸಿಗೆ ಬಂದರೆ ಸರದಿಯ ಜಗಳ. ನೆಂಟರು ಕೂತು ‘ಒಂದು ದಿನ ನಿನಗೆ, ಒಂದು ದಿನ ಅವನಿಗೆ’ ಎಂದು ತೀರ್ಮಾನಿಸಿದರೂ ಜಗಳ ನಿಂತಿಲ್ಲ. ಈಚೆಗೆ ಅಣ್ಣ ಸ್ಟಾರ್ಟರ್ ಪೆಟ್ಟಿಗೆಗೆ ಎರಡು ದಿನ ಬೀಗ ಹಾಕಿದ್ದರು. ಅಮ್ಮ ‘ಬಿಟ್ಟುಕೊಡು’ ಎನ್ನುತ್ತಾರೆ, ಹೆಂಡತಿ ‘ಕೋರ್ಟಿಗೆ ಹೋಗಿ’ ಎನ್ನುತ್ತಾರೆ. ಏನು ಮಾಡಲಿ ಎಂಬುದು ಅವರ ಪ್ರಶ್ನೆ.

* * *

ನಿಮ್ಮ ಅಮ್ಮ ಹೇಳಿದ್ದೂ ಸರಿ, ನಿಮ್ಮ ಮನೆಯವರು ಹೇಳಿದ್ದೂ ಸರಿ. ಯಾವುದಕ್ಕೆ ಯಾವ ಹೊತ್ತು ಎಂಬುದನ್ನು ಬಿಡಿಸಿಕೊಳ್ಳಬೇಕು, ಅಷ್ಟೇ. ಸಹಕಾರ ಸಂಘಗಳ ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದವನು ನಾನು. ಅಲ್ಲಿ ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಮಾಡಿದ ಒಂದು ಪ್ರಶ್ನಾವಳಿಯನ್ನು ಬಳಸುತ್ತಿದ್ದೆವು. ಎರಡೆರಡು ಹೇಳಿಕೆಗಳ ಮೂವತ್ತು ಜೋಡಿ. ಪ್ರತಿ ಜೋಡಿಯಲ್ಲೂ ತನಗೆ ಹೊಂದುವ ಒಂದನ್ನು ಆರಿಸಬೇಕು. ಜಗಳದ ಹೊತ್ತಿನಲ್ಲಿ ನಾವು ಯಾವ ದಾರಿ ಹಿಡಿಯುವವರು ಎಂಬುದು ಅದರಿಂದ ತಿಳಿಯುತ್ತದೆ.

ಅವರು ಕೇಳುವುದು ಎರಡೇ: ನನಗೆ ಬೇಕಾದ್ದನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ? ಎದುರಿನವನಿಗೆ ಬೇಕಾದ್ದರ ಬಗ್ಗೆ ನನಗೆ ಎಷ್ಟು ಕಾಳಜಿ ಇದೆ? ಎರಡೂ ಇಲ್ಲದಿದ್ದರೆ ಮನುಷ್ಯ ಜಗಳದಿಂದ ದೂರ ಸರಿಯುತ್ತಾನೆ. ತನ್ನದನ್ನಷ್ಟೇ ಹಿಡಿದರೆ ಪಟ್ಟು. ಎದುರಿನವನದನ್ನಷ್ಟೇ ನೋಡಿದರೆ ಬಿಟ್ಟುಕೊಡುವುದು. ಎರಡನ್ನೂ ಅರ್ಧರ್ಧ ಇಟ್ಟುಕೊಂಡರೆ ರಾಜಿ. ಎರಡನ್ನೂ ಪೂರ್ತಿ ಇಟ್ಟುಕೊಂಡರೆ ಕೂಡಿ ದಾರಿ ಹುಡುಕುವುದು. ಇವುಗಳಲ್ಲಿ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಅವರು ಹೇಳುವುದಿಲ್ಲ. ಎಲ್ಲ ಜಗಳಕ್ಕೂ ಒಂದೇ ದಾರಿ ಹಿಡಿಯುವ ರೂಢಿ ಬಿದ್ದಾಗ ತೊಂದರೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಬೇಸಿಗೆ ಮಾತೇ ಎತ್ತಲಿಲ್ಲ ಎಂದಿದ್ದೀರಿ; ಅದು ದೂರ ಸರಿಯುವುದು. ಆಮೇಲೆ ಅಮ್ಮನ ಮಾತಿಗೆ ನಿಮ್ಮ ಸರದಿ ಬಿಟ್ಟಿರಿ. ಆಮೇಲೆ ನೆಂಟರ ರಾಜಿ. ಈಗ ಕೋರ್ಟಿನ ಪಟ್ಟು. ನಾಲ್ಕೂ ದಾರಿ ತುಳಿದಾಯಿತು, ಐದನೆಯದನ್ನು ಮುಟ್ಟಿಲ್ಲ. ಅಣ್ಣ ಯಾಕೆ ಬೀಗ ಹಾಕಿದರು ಎಂದು ಯಾರೂ ಅವರನ್ನು ಕೇಳಿದ ಹಾಗೆ ಪತ್ರದಲ್ಲಿ ಕಾಣಲಿಲ್ಲ.

ಉತ್ತರದ ಸುಳಿವು ನಿಮ್ಮ ಪತ್ರದಲ್ಲೇ ಇದೆ. ‘ಹೋದ ವರ್ಷ ಮೋಟಾರು ಸುಟ್ಟಾಗ ಅಣ್ಣನೇ ಎತ್ತಿಸಿ ರಿಪೇರಿ ಮಾಡಿಸಿದ, ಆಗ ನನ್ನ ಕೈಯಲ್ಲಿ ದುಡ್ಡಿರಲಿಲ್ಲ’ ಎಂದು ನಡುವೆ ಒಂದು ಸಾಲು ಬರೆದಿದ್ದೀರಿ. ನನ್ನ ಪ್ರಕಾರ ಬೀಗ ಬಿದ್ದದ್ದು ನೀರಿಗಲ್ಲ, ಮೋಟಾರಿಗೆ. ಬೋರ್‌ವೆಲ್‌ನಲ್ಲಿ ನೀರು ತಳಕ್ಕಿಳಿದ ಮೇಲೂ ಮೋಟಾರು ಓಡಿಸಿದರೆ ಮತ್ತೆ ಸುಡುತ್ತದೆ, ಮತ್ತೆ ತನ್ನ ಜೇಬಿಗೇ ಕೈ ಎಂಬ ಭಯ ಅವರದಿರಬಹುದು. ಇದು ನನ್ನ ಊಹೆ. ನೀವು ಕೇಳಿ ತಿಳಿದುಕೊಳ್ಳಬೇಕು. ನಿಜವಾದರೆ, ರಿಪೇರಿಯ ಅರ್ಧ ಹಣ ಕೊಡುವುದು ಮತ್ತು ನೀರಿಲ್ಲದಾಗ ಮೋಟಾರು ತಾನಾಗಿ ನಿಲ್ಲುವ ಸಾಧನವನ್ನು ಸ್ಟಾರ್ಟರಿಗೆ ಹಾಕಿಸುವುದು, ಇವೆರಡೇ ಬೀಗ ತೆಗೆಸಿಯಾವು.

ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಚಿಂತಕಿ 1925ರಷ್ಟು ಹಿಂದೆಯೇ ಇಂಥದ್ದನ್ನು ವಿವರಿಸಿದ್ದರು. ಹಾರ್ವರ್ಡ್ ಗ್ರಂಥಾಲಯದ ಚಿಕ್ಕ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಆಕೆಗೆ ಮುಚ್ಚಬೇಕು. ಕೊನೆಗೆ ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಅವರಿಗೆ ಬೇಕಿದ್ದದ್ದು ಗಾಳಿ, ಆಕೆಗೆ ಬೇಡವಾಗಿದ್ದದ್ದು ನೇರವಾಗಿ ಮೈಗೆ ಬಡಿಯುವ ಬಡಗಣ ಗಾಳಿ. ಅರ್ಧ ಕಿಟಕಿ ತೆರೆದಿದ್ದರೆ ಇಬ್ಬರಿಗೂ ಸಮಾಧಾನ ಆಗುತ್ತಿರಲಿಲ್ಲ.

ನಿವೃತ್ತ ತರಬೇತುದಾರ, ಹಾಸನ

* * *

ತಮ್ಮಾ, ನಾನು ಅಡಿಕೆ ಮತ್ತು ತೆಂಗು ಎರಡನ್ನೂ ಸಾಕಿದವಳು. ಮೊದಲು ನೀರು ಅಳೆಯಿರಿ, ಜಗಳ ಆಮೇಲೆ. ನಿಮ್ಮ ನೆಂಟರು ದಿನ ಹಂಚಿದರು. ನೀರು ಎಷ್ಟಿದೆ, ಗಿಡಕ್ಕೆ ಎಷ್ಟು ಬೇಕು ಎಂದು ಯಾರೂ ನೋಡಲಿಲ್ಲ.

ಇನ್ನೂರು ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗಿಡಿ, ತುಂಬಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಮೋಟಾರು ಹಾಕಿದ ತಕ್ಷಣ ಅಳೆದರೆ ಮೋಸ ಹೋಗುತ್ತೀರಿ. ನಾಲ್ಕೈದು ಗಂಟೆ ಓಡಿದ ಮೇಲೆ ಅಳೆಯಿರಿ. ಅಣ್ಣನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನೀವೊಬ್ಬರೇ ತಂದ ಲೆಕ್ಕವನ್ನು ಅವರು ನಂಬಬೇಕಿಲ್ಲ.

ಡ್ರಮ್ಮು ಎರಡು ನಿಮಿಷಕ್ಕೆ ತುಂಬಿತು ಎನ್ನೋಣ. ನಿಮಿಷಕ್ಕೆ ನೂರು ಲೀಟರ್. ತ್ರೀಫೇಸ್ ಕರೆಂಟು ಏಳು ಗಂಟೆ ಸಿಕ್ಕರೆ ದಿನಕ್ಕೆ 42,000 ಲೀಟರ್. ಒಂಬತ್ತು ಅಡಿಗೊಂದರಂತೆ ಎರಡು ಎಕರೆಗೆ ಸುಮಾರು 1,080 ಅಡಿಕೆ ಗಿಡ. ಪಾತಿಗೆ ಹಾಯಿಸಿದರೆ ಗಿಡವೊಂದಕ್ಕೆ 175 ಲೀಟರ್ ಬೇಕು, ಅಂದರೆ ತೋಟ ಒಂದು ಸುತ್ತು ಮುಗಿಯಲು ನಾಲ್ಕೂವರೆ ದಿನದ ನೀರು. ದಿನ ಬಿಟ್ಟು ದಿನ ಸಿಗುವುದರಿಂದ ಅದೇ ಸುತ್ತಿಗೆ ಒಂಬತ್ತು ದಿನ ಹಿಡಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅಡಿಕೆಗೆ ನಾಲ್ಕೈದು ದಿನಕ್ಕೊಮ್ಮೆ ನೀರು ಬೇಕು. ನೋಡಿ, ರಾಜಿ ನ್ಯಾಯವಾಗಿಯೇ ಇತ್ತು, ಆದರೂ ಅದು ಗಿಡವನ್ನು ಒಣಗಿಸುವ ರಾಜಿ. ನಿಮ್ಮ ಅಣ್ಣನ ತೆಂಗಿನಲ್ಲೂ ಹರಳು ಉದುರುತ್ತಿದೆ ಎಂದಿದ್ದೀರಿ. ಅವರಿಗೂ ಸಾಲುತ್ತಿಲ್ಲ. ಅದಕ್ಕೇ ಒಬ್ಬರ ದಿನದಲ್ಲಿ ಇನ್ನೊಬ್ಬರು ಗೇಟ್ ವಾಲ್ವ್ ತಿರುಗಿಸುವುದು. ರಾಜಿಯಾದ ಮೇಲೂ ಇಬ್ಬರೂ ಕದ್ದು ನೀರು ಹಾಯಿಸುತ್ತಿದ್ದಾರೆ ಎಂದರೆ ಆ ರಾಜಿ ಇಬ್ಬರ ಅಗತ್ಯವನ್ನೂ ಮುಟ್ಟಿಲ್ಲ ಎಂದೇ ಲೆಕ್ಕ.

ಈಗ ಅದೇ ನೀರನ್ನು ಹನಿ ನೀರಾವರಿಯಲ್ಲಿ ನೋಡಿ. ಅಡಿಕೆಗೆ ಬೇಸಿಗೆಯಲ್ಲಿ ದಿನಕ್ಕೆ 20 ಲೀಟರ್ ಎಂದರೆ ನಿಮಗೆ 21,600. ಅಣ್ಣನ ನೂರು ತೆಂಗಿಗೆ ದಿನಕ್ಕೆ 80 ಲೀಟರಿನಂತೆ ಕೊಟ್ಟರೂ 8,000. ಎರಡೂ ಸೇರಿ ಮೂವತ್ತು ಸಾವಿರ ಮುಟ್ಟುವುದಿಲ್ಲ, ಐದು ಗಂಟೆಯೊಳಗೆ ಮುಗಿಯುತ್ತದೆ. ಇಬ್ಬರಿಗೂ ದಿನವೂ ನೀರು. ದಿನದ ಸರದಿ ಹೋಗಿ ಗಂಟೆಯ ಸರದಿ ಬರುತ್ತದೆ: ಮೊದಲು ತೆಂಗಿಗೆ ಒಂದೂವರೆ ಗಂಟೆ, ಉಳಿದದ್ದು ಅಡಿಕೆಗೆ. ಕೂಡಿ ದಾರಿ ಹುಡುಕುವುದು ಎಂದು ಮೇಲಿನವರು ಹೇಳಿದ್ದು ಇದನ್ನೇ ಇರಬೇಕು. ಆದರೆ ಇಬ್ಬರೂ ಡ್ರಿಪ್ ಹಾಕಿಸಬೇಕು. ನೀವೊಬ್ಬರೇ ಹಾಕಿಸಿ ಅಣ್ಣ ಕಾಲುವೆಯಲ್ಲಿ ಹಾಯಿಸುತ್ತಿದ್ದರೆ ಲೆಕ್ಕ ತಪ್ಪುತ್ತದೆ. ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನ ಸಿಗುತ್ತದೆ, ಇಬ್ಬರೂ ಒಟ್ಟಿಗೆ ಅರ್ಜಿ ಹಾಕಿ. ಫಿಲ್ಟರ್ ತೊಳೆಯುವ ಕೆಲಸ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ. ಕಟ್ಟಿಕೊಂಡ ಫಿಲ್ಟರಿನಿಂದ ಕೊನೇ ಸಾಲಿಗೆ ನೀರು ಹೋಗದಿದ್ದರೆ ಮತ್ತೆ ಅನುಮಾನ ಶುರುವಾಗುತ್ತದೆ.

ಡ್ರಮ್ಮು ತುಂಬಲು ಮೂರು ನಿಮಿಷ ದಾಟಿತು ಎಂದರೆ ಮಾತು ಬೇರೆ. ಏಳು ಗಂಟೆ ಓಡಿಸಿದರೂ ಎರಡು ತೋಟಕ್ಕೆ ಪೂರ್ತಿ ಸಾಲದು. ಎಷ್ಟೇ ಕೂತು ಮಾತಾಡಿದರೂ ಇಲ್ಲದ ನೀರು ಹುಟ್ಟುವುದಿಲ್ಲ. ಆಗ ರಾಜಿಯೇ ಸರಿ, ಆದರೆ ದಿನದ ರಾಜಿ ಬೇಡ, ಇಬ್ಬರೂ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡಿಕೊಳ್ಳುವ ರಾಜಿ.

ತೋಟಗಾರ್ತಿ, ಅರಸೀಕೆರೆ ತಾಲ್ಲೂಕು

* * *

ಬಿಟ್ಟುಕೊಡುವುದರ ಬಗ್ಗೆ ಒಂದು ಮಾತು. ನಿಮ್ಮ ಅಣ್ಣನ ಮಗಳ ಮದುವೆ ಮೇ ತಿಂಗಳಲ್ಲಿದೆ ಎಂದು ಬರೆದಿದ್ದೀರಿ. ಆ ವಾರ ಚಪ್ಪರ, ಅಡುಗೆ, ನೆಂಟರು ಎಂದು ನೀರು ಅವರಿಗೇ ಬೇಕು. ಆ ವಾರ ಒಂದೆರಡು ದಿನದ ನಿಮ್ಮ ಸರದಿಯನ್ನು ಅವರು ಕೇಳುವ ಮೊದಲೇ ಕೊಟ್ಟುಬಿಡಿ. ಅವರಿಗೆ ಅದು ದೊಡ್ಡದು, ನಿಮ್ಮ ಗಿಡ ಅಷ್ಟು ದಿನ ತಡೆದೀತು. ಕೊಟ್ಟ ಮೇಲೆ ಅದನ್ನು ಮತ್ತೆ ಎತ್ತಿ ಆಡಬಾರದು. ಆದರೆ ಇಡೀ ಬೇಸಿಗೆ ಬಿಟ್ಟುಕೊಡಬೇಡಿ. ಹೋದ ವರ್ಷದ ಸರದಿಯನ್ನು ಅಮ್ಮನಿಗಾಗಿ ಬಿಟ್ಟೆ ಎಂದು ಈಗಲೂ ಬರೆಯುತ್ತಿದ್ದೀರಿ. ಅಂದರೆ ಮನಸ್ಸಿನಲ್ಲಿ ಅದು ಸಾಲದ ಖಾತೆಯಲ್ಲೇ ಇದೆ.

ಇನ್ನೊಂದು, ಬೋರ್‌ವೆಲ್ ಹತ್ತಿರ ನಿಂತು ಮಾತಾಡಬೇಡಿ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗ, ನಿದ್ದೆಗೆಟ್ಟ ಕಣ್ಣಿನಲ್ಲಿ, ಕೈಯಲ್ಲಿ ಸನಿಕೆ ಹಿಡಿದು ಆಡಿದ ಮಾತು ಯಾರದೂ ನೆಟ್ಟಗಿರುವುದಿಲ್ಲ. ಆ ಹೊತ್ತಿಗೆ ಸುಮ್ಮನೆ ಸರಿದು ಬನ್ನಿ. ಹಾಗೆ ಸರಿದು ಬಂದದ್ದು ಉಪಯೋಗಕ್ಕೆ ಬರಬೇಕಾದರೆ ಬೆಳಿಗ್ಗೆ ಮರೆಯದೆ ಅಣ್ಣನ ಮನೆಗೆ ಹೋಗಬೇಕು. ಅತ್ತಿಗೆಯೂ ನಿಮ್ಮ ಮನೆಯವರೂ ಕೂತಿರಲಿ. ಸರದಿಯ ರಾತ್ರಿ ಎದ್ದು ನೀರು ತಿರುಗಿಸುವವರಲ್ಲಿ ಅವರೂ ಇದ್ದಾರಲ್ಲವೇ?

ಗೃಹಿಣಿ, ಕಡೂರು

* * *

ವಕೀಲನಾಗಿ ಬರೆಯುತ್ತಿದ್ದೇನೆ. ಮೇಲಿನವರೆಲ್ಲ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಒಂದು ಸಂಗತಿಯಲ್ಲಿ ನೀವು ಪಟ್ಟು ಸಡಿಲಿಸಬಾರದು: ನೀರಿನ ಮೇಲೆ ನಿಮಗೆ ಹಕ್ಕು ಇದೆ ಎಂಬುದು. ಎಷ್ಟು ಗಂಟೆ, ಯಾವ ಹೊತ್ತು ಎಂಬುದನ್ನು ಮಾತಾಡಬಹುದು. ಹಕ್ಕೇ ಇಲ್ಲ ಎಂದು ಬೀಗ ಹಾಕಿದರೆ ಅಲ್ಲಿ ಮಾತಿಗೆ ಜಾಗವಿಲ್ಲ.

ಮೊದಲು ವಿಭಾಗ ಪತ್ರ ನೋಂದಣಿಯಾಗಿದೆಯೇ ನೋಡಿ. ಆಗಿದ್ದರೆ ನಿಮ್ಮ ಕೈ ಗಟ್ಟಿ. ಆಗಿರದಿದ್ದರೆ ಅದರ ಷರತ್ತನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಕಷ್ಟ. ಆಗಲೂ 1882ರ ಅನುಭೋಗದ ಹಕ್ಕುಗಳ ಕಾಯ್ದೆಯ 13ನೇ ಕಲಮು ಇದೆ. ಕೂಡುಕುಟುಂಬದ ಆಸ್ತಿ ಭಾಗವಾದಾಗ ಒಬ್ಬರ ಪಾಲಿನ ಅನುಭೋಗಕ್ಕೆ ಇನ್ನೊಬ್ಬರ ಪಾಲಿನ ಮೇಲೆ ಅಗತ್ಯವಾದ ಹಕ್ಕು ಉಳಿಯುತ್ತದೆ ಎನ್ನುವುದು ಅದರ ತಿರುಳು. ನಿಮ್ಮ ಪ್ರಕರಣಕ್ಕೆ ಅದು ಎಷ್ಟು ಒದಗುತ್ತದೆ ಎಂಬುದನ್ನು ಕಾಗದಪತ್ರ ನೋಡಿಯೇ ಹೇಳಬೇಕು.

ಬೆಳೆ ಒಣಗುತ್ತಿರುವಾಗ ಮತ್ತೆ ಬೀಗ ಬಿದ್ದು, ಕೇಳಿದರೂ ತೆಗೆಯದಿದ್ದರೆ ತಡಮಾಡದೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಅದು ಪಟ್ಟು ಹಿಡಿಯುವ ಹೊತ್ತು. ಗಿಡ ಸತ್ತ ಮೇಲೆ ಗೆದ್ದು ಏನು ಮಾಡುತ್ತೀರಿ? ಆದರೆ ಸರದಿಯ ಗಂಟೆಗಾಗಿ ದಾವೆ ಹೂಡಬೇಡಿ. ಪ್ರತಿದಿನ ವಾಲ್ವ್ ತಿರುಗಿಸುವವರು ನೀವಿಬ್ಬರು, ನ್ಯಾಯಾಧೀಶರಲ್ಲ. ವರ್ಷಗಟ್ಟಲೆ ಓಡಾಡಿ ಆದೇಶ ತಂದರೂ ಅದೇ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಅದೇ ಅಣ್ಣನ ಜೊತೆ ನಿಲ್ಲಬೇಕು.

ಮಾತುಕತೆ ಕೂಡಿಬಂದರೆ ಅದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಗಂಟೆಗಳ ಸರದಿ, ರಿಪೇರಿಯ ಪಾಲು, ನೀರು ಕುಗ್ಗಿದರೆ ಏನು ಎಂಬುದು, ಮೂರನ್ನೂ ಬರೆದುಕೊಂಡು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನ ಮುಂದೆ ಹೋಗಲು ಅವಕಾಶವಿದೆ, ಶುಲ್ಕವಿಲ್ಲ. ಇಬ್ಬರೂ ಒಪ್ಪಿ ಸಹಿ ಹಾಕಿದ ತೀರ್ಮಾನಕ್ಕೆ ಡಿಕ್ರಿಯ ಬಲ ಬರುತ್ತದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಸಹಿ ಹಾಕುವ ಮೊದಲೇ ಡ್ರಮ್ಮಿನ ಲೆಕ್ಕ ಮುಗಿಸಿ. ಮಳೆ ಬಿದ್ದ ಮೇಲೆ ಅಳೆದ ನೀರನ್ನು ನಂಬಿ ಒಪ್ಪಂದ ಬರೆಯಬೇಡಿ. ಈ ಏಪ್ರಿಲ್‌ನಲ್ಲೇ ಅಳೆಯಿರಿ.

ವಕೀಲ, ತುಮಕೂರು