ಅಪ್‌ಡೇಟ್: ತಮ್ಮನ ಕುತ್ತಿಗೆ ಗಂಟಿನ ರಿಪೋರ್ಟ್ ಬಂತು

ಮೊದಲು ಕೇಳಿದ್ದು: “ತಮ್ಮನಿಗೆ 34 ವರ್ಷ. ಕುತ್ತಿಗೆಯ ಬಲಗಡೆ ಗಂಟಿದೆ. ನೋವಿಲ್ಲ, ಆದ್ರೆ ನಿಧಾನಕ್ಕೆ ದೊಡ್ಡದಾಗ್ತಿದೆ. ಏನಿರಬಹುದು? ಯಾವ ಟೆಸ್ಟ್ ಮಾಡಿಸಬೇಕು?”

ಟಿಬಿ ಗಂಟು ಅಂತ ಗೊತ್ತಾಯ್ತು. ಕೆಮ್ಮಿಲ್ಲ, ಎದೆಯ ಎಕ್ಸ್‌ರೇ ಕೂಡ ಸರಿ ಇದೆ, ಆದರೂ ಟಿಬಿ!

ವಿಜಯಪುರದಲ್ಲೇ ಇಎನ್‌ಟಿ ಡಾಕ್ಟರಿಗೆ ತೋರಿಸಿದೆವು. ಮೊದಲು ಒಂದು ಗುಟುಕು ನೀರು ನುಂಗಿಸಿ ನೋಡಿದರು. ಥೈರಾಯ್ಡ್ ಗಂಟಾದರೆ ನುಂಗುವಾಗ ಮೇಲೆ ಸರಿಯುತ್ತದೆ. ಇದು ಅಲುಗಲಿಲ್ಲ. ತಮ್ಮ ತಂಬಾಕು ತಿನ್ನುತ್ತಾನೆ ಅಲ್ವಾ, ಹಾಗಾಗಿ ನಾಲಿಗೆ ಬುಡ ಮುಟ್ಟಿ ನೋಡಿ, ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ಗಂಟಲನ್ನೂ ನೋಡಿದರು. ಬಾಯಿ, ಗಂಟಲಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಕುತ್ತಿಗೆ ಗಂಟಾಗಿಯೇ ಕಾಣಿಸುತ್ತದಂತೆ.

ಸ್ಕ್ಯಾನಿಂಗ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಗಂಟುಗಳು ಕಂಡವು. ಆಮೇಲೆ ಎಫ್‌ಎನ್‌ಎಸಿ. ಸಣ್ಣ ಸೂಜಿ ಚುಚ್ಚಿದಾಗ ಹಳದಿ ಕೀವು ಬಂತು. ಅದರಲ್ಲೇ ಸ್ವಲ್ಪ ಸಿಬಿನ್ಯಾಟ್ ಟೆಸ್ಟ್‌ಗೆ ಕಳಿಸಿದರು. ಟಿಬಿ ಇದೆ, ರಿಫಾಂಪಿಸಿನ್ ಔಷಧಿ ಕೆಲಸ ಮಾಡುತ್ತದೆ ಅಂತ ಎರಡೂ ಅದರಲ್ಲೇ ತಿಳಿಯಿತು. ಸೂಜಿ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಅಲ್ಲಿಗೆ ಬಿಡುವ ಹಾಗಿಲ್ಲ. ಲಿಂಫೋಮಾ ಅನ್ನುವ ದುಗ್ಧಗ್ರಂಥಿ ಕ್ಯಾನ್ಸರಿನ ಅನುಮಾನ ಇದ್ದರೆ ಗಂಟನ್ನೇ ತೆಗೆದು ಬಯಾಪ್ಸಿ ಮಾಡುತ್ತಾರೆ.

“ಕೊಯ್ದು ಕೀವು ತೆಗೆಸಿಬಿಡಿ” ಅಂತ ಮಾವ ಹೇಳುತ್ತಿದ್ದರು. ಡಾಕ್ಟರ್ ಬೇಡವೇ ಬೇಡ ಅಂದರು, ಗಾಯ ಮಾಯದೆ ಸೋರುತ್ತಲೇ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ 6 ತಿಂಗಳ ಮಾತ್ರೆ ಉಚಿತವಾಗಿ ಶುರುವಾಗಿದೆ. ನಡುವೆ ಗಂಟು ಇನ್ನೂ ಊದಬಹುದಂತೆ. ಹಾಗಾದರೆ ಮಾತ್ರೆ ಬಿಡದೆ ಬಂದು ತೋರಿಸಿ ಅಂದಿದ್ದಾರೆ.