ನಾರ್ಮಲ್ ಮ್ಯಾಪ್ ಬೇಕ್: ಪೆಟ್ಟಿಗೆಯ ಮೂಲೆಗಳಲ್ಲಿ ಕಪ್ಪು ಗೆರೆ, ಮೊಳೆಗಳು ವಾಲಿದಂತೆ ಕಾಣುತ್ತಿವೆ

ಮರದಪೆಟ್ಟಿಗೆ

ಮರದ ಪೆಟ್ಟಿಗೆಯ ಮಾಡೆಲ್. ಅಗಲ 1.2 ಮೀಟರ್, ಸುತ್ತ ಕಬ್ಬಿಣದ ಪಟ್ಟಿ, ಪಟ್ಟಿಯ ಮೇಲೆ ದುಂಡು ತಲೆಯ ಮೊಳೆಗಳು, ಮುಂದೆ ನೇತಾಡುವ ಒಂದು ಬಳೆ. ಸ್ಕಲ್ಪ್ಟ್ ಸುಮಾರು 38 ಲಕ್ಷ ತ್ರಿಕೋನ, ಲೋ ಪಾಲಿ 1,400. ಬ್ಲೆಂಡರ್‌ನಲ್ಲಿ ಸೈಕಲ್ಸ್ ಬೇಕ್, ಚಿತ್ರ 2048. ಹೈ ಮೊದಲು ಆರಿಸಿ, ಆಮೇಲೆ ಶಿಫ್ಟ್ ಹಿಡಿದು ಲೋ ಆರಿಸುತ್ತಿದ್ದೇನೆ. `Selected to Active` ಟಿಕ್ ಇದೆ, `Extrusion` 0.1, `Cage` ಟಿಕ್ ಇಲ್ಲ. ಲೋ ಮಾಡೆಲ್‌ಗೆ 30 ಡಿಗ್ರಿಯ `Shade Smooth by Angle` ಕೊಟ್ಟಿದ್ದೇನೆ.

ತೊಂದರೆ ಮೂರು. ನಿಂತ ಮೂಲೆಗಳಲ್ಲಿ ಕಪ್ಪು ಗೆರೆ. ಮುಂಭಾಗದ ಹಲಗೆಯ ಮೇಲೆ ಬಳೆಯ ಅಚ್ಚು ಒತ್ತಿದ ಹಾಗೆ ಗುರುತು. `Cage` ಟಿಕ್ ಹಾಕಿ ನೋಡಿದರೆ ಗೆರೆ ಸ್ವಲ್ಪ ತೆಳುವಾಗುತ್ತದೆ, ಆದರೆ ಅಂಚಿನ ಹತ್ತಿರದ ಮೊಳೆಗಳೆಲ್ಲ ಹೊರಗಡೆಗೆ ವಾಲಿಬಿಡುತ್ತವೆ. ಯಾವುದನ್ನು ಮೊದಲು ಸರಿ ಮಾಡಬೇಕು?

ಪಿಕ್ಸೆಲ್‌ಪಾಪಣ್ಣ

2048 ಸಾಲದು. 4096ಕ್ಕೆ ಬೇಕ್ ಮಾಡಿ ಆಮೇಲೆ ಅರ್ಧಕ್ಕೆ ಇಳಿಸಿ, ಗೆರೆ ಹೋಗುತ್ತದೆ. `Margin` ಕೂಡ 16ರಿಂದ 32 ಮಾಡಿ.

ಮರದಪೆಟ್ಟಿಗೆ

ಎರಡೂ ಮಾಡಿದೆ. ಗೆರೆ ಸಣ್ಣಗಾಯಿತು, ಹೋಗಲಿಲ್ಲ.

ತ್ರಿಕೋನಿ

ಸಣ್ಣಗಾಗುವುದು ಸಹಜ, ಗೆರೆಯ ಅಗಲ ಒಂದೆರಡು ಪಿಕ್ಸೆಲ್ ಅಷ್ಟೆ. ಪಿಕ್ಸೆಲ್ ಚಿಕ್ಕದಾದರೆ ಗೆರೆಯೂ ಚಿಕ್ಕದಾಗುತ್ತದೆ, ಕಾರಣ ಮಾತ್ರ ಹಾಗೇ ಉಳಿಯುತ್ತದೆ.

ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ವಿಷಯ ಹೇಳಿ. ನಿಂತ ಮೂಲೆ ನಾಲ್ಕಿವೆಯಲ್ಲ, ನಾಲ್ಕರಲ್ಲೂ ಗೆರೆ ಒಂದೇ ತರಹ ಇದೆಯೇ? ಯುವಿ ಹೇಗೆ ಬಿಚ್ಚಿದ್ದೀರಿ?

ಮರದಪೆಟ್ಟಿಗೆ

ಈಗ ಸರಿಯಾಗಿ ನೋಡಿದೆ. ಮೂರು ಮೂಲೆಗಳಲ್ಲಿ ಕಪ್ಪು ಗೆರೆ. ಹಿಂದಿನ ಎಡಮೂಲೆಯಲ್ಲಿ ಕಪ್ಪಿಲ್ಲ, ಆದರೆ ಅಲ್ಲಿ ಸ್ಕಲ್ಪ್ಟ್‌ನ ಉರುಟು ಅಂಚು ಸರಿಯಾಗಿ ಬಂದಿಲ್ಲ, ಬೆಳಕು ನಡುವೆ ಕತ್ತರಿಸಿದ ಹಾಗಿದೆ. ಯುವಿ ರಟ್ಟಿನ ಡಬ್ಬ ಬಿಚ್ಚಿಟ್ಟ ಹಾಗೆ: ನಾಲ್ಕು ಗೋಡೆಗಳು ಒಂದೇ ಉದ್ದ ಪಟ್ಟಿ, ಸೀಮ್ ಹಿಂದಿನ ಎಡಮೂಲೆಯಲ್ಲಿ ಮಾತ್ರ.

ತ್ರಿಕೋನಿ

ಅಲ್ಲೇ ಇದೆ ಉತ್ತರ. ನಿಮ್ಮ ಮೂಲೆಗಳಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ, ಒಂದರ ಮೇಲೊಂದು ಕೂತಿರುವುದರಿಂದ ಒಂದೇ ಎಂದು ಕಾಣುತ್ತದೆ.

ಮೊದಲನೆಯದು ಕಪ್ಪು ಗೆರೆ. 90 ಡಿಗ್ರಿ ಮೂಲೆ 30ಕ್ಕಿಂತ ಹೆಚ್ಚಾದ್ದರಿಂದ ಅಲ್ಲಿ ಹಾರ್ಡ್ ಎಡ್ಜ್ ಆಗಿದೆ. ಅಂದರೆ ಮೂಲೆಯ ಈಚೆಗೆ ಒಂದು ಟ್ಯಾಂಜೆಂಟ್ ಸ್ಪೇಸ್, ಆಚೆಗೆ ಇನ್ನೊಂದು. ಆದರೆ ಯುವಿಯಲ್ಲಿ ಎರಡು ಗೋಡೆಗಳೂ ಅಂಟಿಕೊಂಡಿವೆ, ನಡುವೆ ಒಂದು ಪಿಕ್ಸೆಲ್ ಜಾಗವೂ ಇಲ್ಲ. ಗಡಿಯ ಮೇಲಿನ ಪಿಕ್ಸೆಲ್‌ಗೆ ಎರಡು ಬಣ್ಣ ಬೇಕು, ಇರುವುದು ಒಂದೇ. ರೆಂಡರ್ ಆಗುವಾಗ ಫಿಲ್ಟರಿಂಗ್ ಅಕ್ಕಪಕ್ಕದ ಪಿಕ್ಸೆಲ್ ಬೆರೆಸುತ್ತದೆ, ಹಾಗೆ ಬೆರೆತ ಬಣ್ಣ ಯಾವ ಗೋಡೆಗೂ ಸೇರಿದ್ದಲ್ಲ. ಅದೇ ಕಪ್ಪಾಗಿ ಕಾಣುವುದು. ಆದ್ದರಿಂದ ಹಾರ್ಡ್ ಎಡ್ಜ್ ಇರುವಲ್ಲೆಲ್ಲ ಯುವಿ ಕತ್ತರಿಸಲೇಬೇಕು. ತಿರುಗಾಮುರುಗಾ ಬೇಕಿಲ್ಲ: ಯುವಿ ಕತ್ತರಿಸಿದ ಕಡೆ ಸ್ಮೂತ್ ಇದ್ದರೂ ನಡೆಯುತ್ತದೆ.

ಎರಡನೆಯದು ಹಿಂದಿನ ಎಡಮೂಲೆಯದು. `Cage` ಇಲ್ಲದಾಗ ಕಿರಣಗಳು ಪ್ರತಿ ಗೋಡೆಯಿಂದ ನೇರ ಒಳಕ್ಕೆ ಹೋಗುತ್ತವೆ. ಸ್ಕಲ್ಪ್ಟ್‌ನ ಉರುಟು ಮೂಲೆಯನ್ನು ಹಿಂಗೋಡೆಯ ಕಿರಣಗಳೂ ಪೂರ್ತಿ ನೋಡುತ್ತವೆ, ಪಕ್ಕದ ಗೋಡೆಯ ಕಿರಣಗಳೂ ಪೂರ್ತಿ ನೋಡುತ್ತವೆ. ಒಂದೇ ಉರುಟು ಎರಡು ಸಲ ಅಚ್ಚಾಗಿ, ಸಂಧಿಯಲ್ಲಿ ಎರಡೂ ಹೊಂದುವುದಿಲ್ಲ. ಕೇಜ್ ಇದ್ದರೆ ಅಂಚಿನ ಕಿರಣ 45 ಡಿಗ್ರಿ ಓರೆಯಾಗಿ ಹೋಗುತ್ತದೆ, ಅರ್ಧ ಉರುಟು ಇವನಿಗೆ, ಅರ್ಧ ಅವನಿಗೆ.

ಹಾರ್ಡ್ ಇದ್ದೂ ಸೀಮ್ ಇಲ್ಲದ ಎಡ್ಜ್‌ಗಳನ್ನು ಕಣ್ಣಲ್ಲಿ ಹುಡುಕಬೇಡಿ. ಎಡಿಟ್ ಮೋಡ್, ಎಡ್ಜ್ ಆಯ್ಕೆ, `Alt+A` ಒತ್ತಿ ಎಲ್ಲ ಬಿಡಿಸಿ, ಆಮೇಲೆ ಇದನ್ನು ಓಡಿಸಿ:

```python
import bpy, bmesh
me = bpy.context.object.data
bm = bmesh.from_edit_mesh(me)
for e in bm.edges:
    if not e.smooth and not e.seam:
        e.select_set(True)
bmesh.update_edit_mesh(me)
```

ಆಯ್ಕೆಯಾದವುಗಳಿಗೆ `Mark Seam` ಕೊಟ್ಟು ಮತ್ತೆ ಅನ್‌ರ‍್ಯಾಪ್ ಮಾಡಿ. ಸೀಮ್ ಗುರುತು ಹಾಕಿದ ಮಾತ್ರಕ್ಕೆ ಯುವಿ ತಾನಾಗಿ ಕತ್ತರಿಸುವುದಿಲ್ಲ, ಇಲ್ಲಿ ತುಂಬಾ ಜನ ಎಡವುತ್ತಾರೆ. ದ್ವೀಪಗಳ ನಡುವೆ 2048ರಲ್ಲಿ 16 ಪಿಕ್ಸೆಲ್ ಬಿಡಿ. ಇನ್ನೊಂದು, ಸ್ಮೂತಿಂಗ್ ಮಾಡಿಫೈಯರ್ ಮೂಲಕ ಬಂದಿದ್ದರೆ ಅದನ್ನು ಅಪ್ಲೈ ಮಾಡುವವರೆಗೆ ಈ ಸ್ಕ್ರಿಪ್ಟ್‌ಗೆ ಏನೂ ಕಾಣುವುದಿಲ್ಲ.

ಮಣ್ಣಿನಮೂರ್ತಿ

ಇಷ್ಟೆಲ್ಲ ಯಾಕೆ? `Bake from Multires` ಟಿಕ್ ಹಾಕಿ. ಕಿರಣವೂ ಇಲ್ಲ, ಕೇಜ್ ತಲೆನೋವೂ ಇಲ್ಲ. ನನ್ನ ಮುಖಗಳೆಲ್ಲ ಅದರಲ್ಲೇ.

ತ್ರಿಕೋನಿ

ಮುಖಗಳಿಗೆ ಚೆನ್ನಾಗಿ ಒಪ್ಪುತ್ತದೆ, ಅಲ್ಲಿ ಲೋ ಎಂದರೆ ಅದೇ ಮೆಶ್‌ನ ಕೆಳಹಂತ. ಇವರ ಸ್ಕಲ್ಪ್ಟ್ ಬೇರೆ ಮೆಶ್, ಲೋ ಬೇರೆ ಮೆಶ್, ಮೊಳೆಗಳು ಬಿಡಿಬಿಡಿ ತುಂಡು. ಇಲ್ಲಿ ಆ ದಾರಿ ಇಲ್ಲ.

ಮರದಪೆಟ್ಟಿಗೆ

ಸ್ಕ್ರಿಪ್ಟ್ 22 ಎಡ್ಜ್ ಹಿಡಿದುಕೊಟ್ಟಿತು! ಸೀಮ್ ಹಾಕಿ, ಅನ್‌ರ‍್ಯಾಪ್ ಮಾಡಿ, `Cage` ಟಿಕ್ ಹಾಕಿ ಬೇಕ್ ಮಾಡಿದೆ. ನಾಲ್ಕೂ ಮೂಲೆ ಉರುಟಾಗಿ ಬಂದವು, ಕಪ್ಪು ಇಲ್ಲ. ಆದರೆ ಮೊಳೆ ವಾಲುವುದು ಹೆಚ್ಚಾಯಿತು. ಅಂಚಿನಿಂದ 3 ಸೆಂ.ಮೀ. ದೂರದ ಮೊಳೆಯ ಒಂದು ಮಗ್ಗುಲು ಹಿಗ್ಗಿ, ಇನ್ನೊಂದು ಮಗ್ಗುಲು ಕುಗ್ಗಿದೆ. ಬಳೆಯ ಗುರುತೂ ಹಾಗೇ ಇದೆ.

ತ್ರಿಕೋನಿ

ಬಳೆ ಸುಲಭ, ಅದನ್ನು ಮುಗಿಸಿಬಿಡೋಣ. 0.1 ಅಂದರೆ ಕಿರಣ 10 ಸೆಂ.ಮೀ. ಹೊರಗಿನಿಂದ ಹೊರಡುತ್ತದೆ, ದಾರಿಯಲ್ಲಿ ಸಿಗುವ ಬಳೆಗೆ ಮೊದಲು ತಾಗುತ್ತದೆ. ಸ್ಕಲ್ಪ್ಟ್ ಒಂದೇ ಆಬ್ಜೆಕ್ಟ್ ಆಗಿದ್ದರೆ ಎಡಿಟ್ ಮೋಡ್‌ನಲ್ಲಿ ಬಳೆಯ ಮೇಲೆ `L`, ಆಮೇಲೆ `P` ಒತ್ತಿ ಬೇರ್ಪಡಿಸಿ. ಲೋ ಬಳೆಯನ್ನೂ ಬೇರೆ ಮಾಡಿ. ಪೆಟ್ಟಿಗೆ ಒಮ್ಮೆ, ಬಳೆ ಒಮ್ಮೆ ಬೇಕ್ ಮಾಡಿ. ಎರಡನೆಯ ಸಲ `Clear Image` ಟಿಕ್ ತೆಗೆಯದಿದ್ದರೆ ಮೊದಲಿನದು ಅಳಿಸಿಹೋಗುತ್ತದೆ.

ಇನ್ನು `Extrusion` ಎಷ್ಟು? ನಿಮ್ಮ ಮೊಳೆಯ ತಲೆ ಲೋ ಮೇಲ್ಮೈಯಿಂದ ಎಷ್ಟು ಹೊರಗಿದೆ, ಅಳೆದು ಹೇಳಿ. ಅದಕ್ಕೂ ಮುಂಚೆ ಎರಡೂ ಆಬ್ಜೆಕ್ಟ್‌ಗೆ `Ctrl+A`, `Scale`, ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ.

ಮರದಪೆಟ್ಟಿಗೆ

9 ಮಿ.ಮೀ. ಹಾಗಾದರೆ 0.01 ಸಾಕಲ್ಲವೇ?

ತ್ರಿಕೋನಿ

ಗೋಡೆಯ ನಡುವೆ ಸಾಕು, ಮೂಲೆಯಲ್ಲಿ ಸಾಲದು. ಮೂರು ಮುಖ ಕೂಡುವ ತುದಿಯಲ್ಲಿ ಕೇಜ್ ಓರೆಯಾಗಿ ಉಬ್ಬುತ್ತದೆ, ಆದ್ದರಿಂದ ಯಾವ ಒಂದು ಗೋಡೆಯಿಂದಲೂ ಅದು ಪೂರ್ತಿ ದೂರ ಹೋಗುವುದಿಲ್ಲ. ಡಬ್ಬದ ತುದಿಯಲ್ಲಿ ಕೊಟ್ಟದ್ದರ 58% ಮಾತ್ರ ಸಿಗುತ್ತದೆ. 0.01 ಕೊಟ್ಟರೆ 5.8 ಮಿ.ಮೀ., ಮೊಳೆಯ ತಲೆ ಕೇಜ್‌ನಿಂದ ಹೊರಗೆ ಇಣುಕುತ್ತದೆ. ಹೊರಗಿದ್ದದ್ದನ್ನು ಕಿರಣ ನೋಡುವುದಿಲ್ಲ, ತಲೆ ಕೊಯ್ದ ಹಾಗೆ ಚಪ್ಪಟೆ ಬಿಲ್ಲೆ ಬರುತ್ತದೆ. 0.015ಕ್ಕೂ 8.7 ಅಷ್ಟೆ. 0.02 ಇಡಿ, 11.5 ಮಿ.ಮೀ. ಸಿಗುತ್ತದೆ.

ಮೊಳೆ ವಾಲುವುದು ನೀವು ಈಗಷ್ಟೇ ಕೊಂಡ ಓರೆ ಕಿರಣದ ಬೆಲೆ. ಮುಂಗೋಡೆಗೆ ಮೂಲೆಯ ವರ್ಟೆಕ್ಸ್ ಬಿಟ್ಟರೆ ಬೇರೆ ವರ್ಟೆಕ್ಸ್ ಇಲ್ಲ. ಹಾಗಾಗಿ ಅಂಚಿನ ಓರೆ ಗೋಡೆಯ ಮಧ್ಯದವರೆಗೂ ನಿಧಾನಕ್ಕೆ ಹರಡುತ್ತದೆ. ಮೊಳೆಯನ್ನು ಪಕ್ಕದಿಂದ ನೋಡಿ ಎದುರಿನ ಗೋಡೆಗೆ ಅಂಟಿಸಿದಂತೆ ಆಗುತ್ತದೆ.

ಅಂಚಿನಿಂದ 1 ಸೆಂ.ಮೀ. ಒಳಗೆ ಸುತ್ತಲೂ ಒಂದು ಎಡ್ಜ್ ಲೂಪ್ ಹಾಕಿ. ಆ ಲೂಪ್‌ನ ವರ್ಟೆಕ್ಸ್‌ಗಳ ನಾರ್ಮಲ್ ನೇರ ಮುಂದಕ್ಕೆ ನೋಡುತ್ತದೆ, ಓರೆ ಆ 1 ಸೆಂ.ಮೀ. ಪಟ್ಟಿಯೊಳಗೇ ಮುಗಿಯುತ್ತದೆ. 3 ಸೆಂ.ಮೀ. ದೂರದ ಮೊಳೆಗೆ ನೇರ ಕಿರಣ ಬೀಳುತ್ತದೆ.

ಮರದಪೆಟ್ಟಿಗೆ

ಐದು ಮುಖಕ್ಕೂ ಲೂಪ್ ಹಾಕಿದರೆ ತ್ರಿಕೋನ ಏರುವುದಿಲ್ಲವೇ? 1,500 ದಾಟುವಂತಿಲ್ಲ.

ತ್ರಿಕೋನಿ

ಬೇಕ್ ಆದ ಮೇಲೆ `Dissolve Edges` ಕೊಟ್ಟು ತೆಗೆದುಬಿಡಿ. ಗೋಡೆ ಚಪ್ಪಟೆ, ಅಂಚು ಹಾರ್ಡ್, ಯುವಿ ಕತ್ತರಿಸಿದೆ. ಲೂಪ್ ಇದ್ದರೂ ಇಲ್ಲದಿದ್ದರೂ ಅಲ್ಲಿನ ನಾರ್ಮಲ್ ಒಂದೇ. ಮ್ಯಾಪ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಮುಚ್ಚಳ ಬಾಗಿದ್ದರೆ ಅಲ್ಲಿ ಈ ಉಪಾಯ ಮಾಡಬೇಡಿ. ಸ್ಮೂತ್ ಮೇಲ್ಮೈಯಲ್ಲಿ ಲೂಪ್ ತೆಗೆದ ಕ್ಷಣ ಶೇಡಿಂಗ್ ಬದಲಾಗುತ್ತದೆ, ಬೇಕ್ ಹಳೆಯ ಶೇಡಿಂಗ್‌ಗೆ ಲೆಕ್ಕ ಹಾಕಿದ್ದು. ಮುಚ್ಚಳದ ಲೂಪ್ ಉಳಿಸಿಕೊಳ್ಳಿ.

ಹಸಿರುಚಾನೆಲ್

ನನಗೂ ಹೀಗೇ ಆಗಿತ್ತು, ಮೊಳೆಗಳೆಲ್ಲ ಗುಂಡಿಗಳಾಗಿ ಕಾಣುತ್ತಿದ್ದವು. ಹಸಿರು ಚಾನೆಲ್ ತಿರುಗಿಸಿದ ಮೇಲೆ ಸರಿಹೋಯಿತು. ಅನ್‌ರಿಯಲ್‌ಗೆ ಹಾಕುವವರು ತಿರುಗಿಸಲೇಬೇಕು.

ತ್ರಿಕೋನಿ

ಅನ್‌ರಿಯಲ್ ವಿಷಯ ನಿಜ, ಬ್ಲೆಂಡರ್‌ನ ಹಸಿರು ಅದಕ್ಕೆ ತಲೆಕೆಳಗು. ಯೂನಿಟಿ, ಗೋಡೋಗೆ ತಿರುಗಿಸಬೇಕಿಲ್ಲ. ಆದರೆ ಅದು ಬೇರೆ ರೋಗ: ಹಸಿರು ತಲೆಕೆಳಗಾದರೆ ಬೆಳಕು ಕೆಳಗಿನಿಂದ ಬಿದ್ದ ಹಾಗೆ ಕಾಣುತ್ತದೆ, ಆಕಾರ ವಾಲುವುದಿಲ್ಲ. ಇವರ ಮೊಳೆಯ ಆಕಾರವೇ ಹಿಗ್ಗಿದೆ.

ಮರದಪೆಟ್ಟಿಗೆ

0.02, ಲೂಪ್, ಬಳೆ ಬೇರೆ. ಮೊಳೆಗಳು ನೆಟ್ಟಗೆ ನಿಂತವು, ಬಳೆಯ ಗುರುತು ಇಲ್ಲ. ಈಗ ಹೊಸದೊಂದು: ಬ್ಲೆಂಡರ್‌ನಲ್ಲಿ ಎಲ್ಲ ಸರಿ, ಎಂಜಿನ್‌ನಲ್ಲಿ ಮುಚ್ಚಳದ ಮೇಲೆ ಮೂಲೆಯಿಂದ ಮೂಲೆಗೆ ತೆಳ್ಳನೆಯ ಗೀಟು.

ಪಿಕ್ಸೆಲ್‌ಪಾಪಣ್ಣ

ಇಮೇಜ್ ನೋಡ್‌ನಲ್ಲಿ `Color Space` `Non-Color` ಇದೆಯಾ? ಎಂಜಿನ್‌ನಲ್ಲೂ ನೋಡಿ. sRGB ಎಂದು ಓದಿದರೆ ಹಾಳಾಗುತ್ತದೆ.

ತ್ರಿಕೋನಿ

ನೋಡಿಕೊಳ್ಳುವುದು ಒಳ್ಳೆಯದೇ. ಆದರೆ ಹಾಗಾಗಿದ್ದರೆ ಚಪ್ಪಟೆ ಜಾಗದ 0.5 ಹೋಗಿ 0.21 ಆಗುತ್ತದೆ, ಇಡೀ ಪೆಟ್ಟಿಗೆಯ ಶೇಡಿಂಗ್ ಒಂದೇ ಕಡೆಗೆ ವಾಲುತ್ತದೆ. ಒಂದು ಗೀಟು ಮಾತ್ರ ಬರುವುದಿಲ್ಲ.

ಕರ್ಣದ ಗೀಟು ಎಂದರೆ ನಾಲ್ಕು ಮೂಲೆಯ ಮುಖ ಬೇಕ್ ಆಗುವಾಗ ಒಂದು ಕರ್ಣದಲ್ಲಿ ಸೀಳಿತ್ತು, ಎಂಜಿನ್ ಇನ್ನೊಂದು ಕರ್ಣದಲ್ಲಿ ಸೀಳಿದೆ. ಲೋ ಮಾಡೆಲ್‌ಗೆ `Triangulate` ಮಾಡಿಫೈಯರ್ ಹಾಕಿ, ಅದೇ ಸ್ಥಿತಿಯಲ್ಲಿ ಮತ್ತೆ ಬೇಕ್ ಮಾಡಿ, ಅದನ್ನೇ ಎಕ್ಸ್‌ಪೋರ್ಟ್ ಮಾಡಿ. ಗೋಡೆಯ ಲೂಪ್ ತೆಗೆಯುವುದಿದ್ದರೆ ಮಾಡಿಫೈಯರ್ ಅಪ್ಲೈ ಮಾಡುವ ಮುಂಚೆ ತೆಗೆಯಿರಿ. ಎಂಜಿನ್‌ನ ಇಂಪೋರ್ಟ್‌ನಲ್ಲಿ ನಾರ್ಮಲ್ ಅನ್ನು ಹೊಸದಾಗಿ ಲೆಕ್ಕ ಹಾಕಿಸಬೇಡಿ, ಫೈಲಿನದನ್ನೇ ಓದಲಿ. ಟ್ಯಾಂಜೆಂಟ್ MikkTSpace ಇರಲಿ, ಬ್ಲೆಂಡರ್ ಬೇಕ್ ಮಾಡುವುದೂ ಅದರಲ್ಲೇ.

ಮರದಪೆಟ್ಟಿಗೆ

ಗೀಟು ಹೋಯಿತು. ಮುಚ್ಚಳದ ಬಾಗಿನಲ್ಲಿ ಮಾತ್ರ ಹತ್ತಿರದಿಂದ ನೋಡಿದರೆ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ಮಣ್ಣಿನಮೂರ್ತಿ

ಅದು 8 ಬಿಟ್ ಸಮಸ್ಯೆ. ಚಿತ್ರ ಮಾಡುವಾಗ `32-bit Float` ಟಿಕ್ ಹಾಕಿ, 16 ಬಿಟ್ ಪಿಎನ್‌ಜಿಯಾಗಿ ಉಳಿಸಿ.

ತ್ರಿಕೋನಿ

ಅರ್ಧ ಅದು, ಇನ್ನರ್ಧ ಎಂಜಿನ್‌ನ ಕಂಪ್ರೆಷನ್ ಇರಬಹುದು. 16 ಬಿಟ್ ಕೊಟ್ಟರೂ ಎಂಜಿನ್ ಅದನ್ನು BC5ಗೆ ಹಿಂಡಿದರೆ ಲಾಭದ ಬಹುಪಾಲು ಅಲ್ಲೇ ಹೋಗುತ್ತದೆ. ಕಂಪ್ರೆಷನ್ ಪೂರ್ತಿ ಆಫ್ ಮಾಡಿ ಒಮ್ಮೆ ನೋಡಿ ಹೇಳಿ. ಆಗಲೂ ಮೆಟ್ಟಿಲು ಇದ್ದರೆ ತಪ್ಪು ಬೇಕ್‌ನಲ್ಲೇ ಇದೆ, ಮುಚ್ಚಳಕ್ಕೆ ಇನ್ನೆರಡು ಸೆಗ್ಮೆಂಟ್ ಕೊಡುವ ಯೋಚನೆ ಮಾಡಬೇಕು.

ಮರದಪೆಟ್ಟಿಗೆ

ಸೆಗ್ಮೆಂಟ್‌ಗೆ ಜಾಗ ಇಲ್ಲ, 1,496 ಆಗಿದೆ. ಕಂಪ್ರೆಷನ್ ಆಫ್ ಮಾಡಿ ನೋಡಿ ಇಲ್ಲೇ ಹಾಕುತ್ತೇನೆ.