ಸಹಾಯ ಬೇಕು: ಲೆನ್ಸ್ ಒರೆಸಿದರೂ ಎದುರು ಬಿಸಿಲಿನ ಫೋಟೊಗಳಲ್ಲಿ ಮಬ್ಬು ಹೋಗುತ್ತಿಲ್ಲ

ನಮಸ್ಕಾರ. ಚಿಕ್ಕಬಳ್ಳಾಪುರದ ಬಳಿ ಇರುವ ನಮ್ಮ ದ್ರಾಕ್ಷಿ ತೋಟದಲ್ಲಿ ಬೆಳಗಿನ ಬಿಸಿಲು ಚಪ್ಪರದ ಹಿಂದಿನಿಂದ ಬಿದ್ದಾಗ, ಹಣ್ಣಿನೊಳಗಿನ ಬೀಜವೂ ಕಾಣುವಂತೆ ಗೊಂಚಲುಗಳು ಹೊಳೆಯುತ್ತವೆ. ಅದನ್ನು ಫೋನಿನಲ್ಲಿ ತೆಗೆದರೆ, ಕಪ್ಪಾಗಿರಬೇಕಾದ ಎಲೆಗಳ ನೆರಳು ಬೂದು ಬಣ್ಣಕ್ಕೆ ತಿರುಗಿ, ಇಡೀ ಚಿತ್ರಕ್ಕೆ ಹಾಲಿನ ಪರದೆ ಎಳೆದಂತಾಗುತ್ತದೆ.

ಮೊದಲು ಧೂಳನ್ನು ಊದಿ ತೆಗೆದು, ಬಳಿಕ ಲೆನ್ಸ್ ಒರೆಸುವ ದ್ರಾವಣದ ಒಂದೆರಡು ಹನಿಗಳನ್ನು ನೇರವಾಗಿ ಗಾಜಿಗಲ್ಲದೆ ಮೈಕ್ರೋಫೈಬರ್ ಬಟ್ಟೆಗೆ ಹಾಕಿ, ಒತ್ತದೆ ಒರೆಸಿದ್ದೇನೆ. ಹಿಂದೆ ಬೀದಿದೀಪದ ಫೋಟೊದಲ್ಲಿ ಉದ್ದನೆಯ ಬೆಳಕಿನ ಗೆರೆಗಳು ಬರುತ್ತಿದ್ದವು. ಒರೆಸುವ ದಿಕ್ಕು ಬದಲಿಸಿದರೆ ಅವೂ ತಿರುಗುತ್ತಿದ್ದುದರಿಂದ ಅದು ಬೆರಳಿನ ಜಿಡ್ಡೇ ಎಂಬುದು ಖಚಿತವಾಗಿತ್ತು. ಈಗ ಆ ಗೆರೆಗಳಿಲ್ಲ, ಮಬ್ಬು ಮಾತ್ರ ಉಳಿದಿದೆ.

ಸೂರ್ಯ ಚೌಕಟ್ಟಿನ ಹೊರಗಿದ್ದಾಗ, ಅಂಗೈಯ ನೆರಳು ಲೆನ್ಸ್ ಮೇಲೆ ಬೀಳುವಂತೆ ಹಿಡಿದರೆ ಚಿತ್ರ ತಿಳಿಯಾಗುತ್ತದೆ. ಆದರೆ ಎಲೆಗಳ ಸಂದಿಯಿಂದ ಸೂರ್ಯನೇ ಚೌಕಟ್ಟಿನೊಳಗೆ ಇಣುಕಿದಾಗ ಆ ಉಪಾಯ ನಡೆಯುವುದಿಲ್ಲ. ಅದೇ ಜಾಗದಲ್ಲಿ ವೈಡ್ ಕ್ಯಾಮೆರಾದ ಚಿತ್ರ ಬಹುಮಟ್ಟಿಗೆ ಸ್ವಚ್ಛವಾಗಿದೆ. ಮುಖ್ಯ ಲೆನ್ಸ್ ಮೇಲೆ ಅಂಗಡಿಯಲ್ಲಿ ಅಂಟಿಸಿದ ರಕ್ಷಣಾ ಗಾಜು ಇದೆ, ವೈಡ್ ಲೆನ್ಸ್‌ನದು ಎಂದೋ ಕಳಚಿಬಿದ್ದಿದೆ. ಎರಡೂ ಲೆನ್ಸ್‌ಗಳ ರಚನೆಯೇ ಬೇರೆಯಾದ್ದರಿಂದ ಇಷ್ಟರಿಂದಲೇ ತೀರ್ಮಾನಿಸಲು ಮನಸ್ಸು ಒಪ್ಪುತ್ತಿಲ್ಲ. ಓರೆಯಾಗಿ ಟಾರ್ಚ್ ಹಿಡಿದರೆ ತೆಳುವಾದ ಮಸುಕು ಕಾಣುತ್ತದೆ, ಅದು ಯಾವ ಪದರದಲ್ಲಿದೆ ಎಂಬುದು ತಿಳಿಯುತ್ತಿಲ್ಲ.

ಮಸುಕು ರಕ್ಷಣಾ ಗಾಜಿನಲ್ಲಿದೆಯೇ, ಫೋನಿನ ಲೆನ್ಸ್ ಗಾಜಿನ ಒಳಮೈಯಲ್ಲಿದೆಯೇ ಎಂದು ಗುರುತಿಸುವುದು ಹೇಗೆ? ರಕ್ಷಣಾ ಗಾಜನ್ನು ಕೆಳಗಿನ ಗಾಜಿಗೆ ಗೀರು ಬೀಳದಂತೆ ತೆಗೆದವರು ದಯವಿಟ್ಟು ವಿಧಾನ ತಿಳಿಸುವಿರಾ?